ಬ್ರಷ್ ತೊಳೆಯುವ ಹೊತ್ತು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿರಸಿಯಲ್ಲಿ ಬೋರ್ಡು ಬರೆಯಲು ನಿಂತವನು ನಾನು. ಸಂಜೆ ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆದಿಟ್ಟರೆ ಮುಗಿಯಿತು, ಎಂಥ ದೊಡ್ಡ ಅಂಗಡಿಯವರು ಬಂದರೂ "ನಾಳೆ ಬರ್ರಿ" ಎನ್ನುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಫ್ಲೆಕ್ಸ್ ಬಂದ ಮೇಲೆ ಕಂಪ್ಯೂಟರ್ ಕಲಿತೆ. ಈಗ ಇಸಳೂರಿನ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಟೀ ಶರ್ಟಿನ ಮೇಲೆ ಅಚ್ಚು ಹಾಕುವವರಿಗೆ ಚಿತ್ರದ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಪದರವಾಗಿ ಬಿಡಿಸಿ ಕೊಡುತ್ತೇನೆ. ಒಬ್ಬ ಗಿರಾಕಿ ಮೆಲ್ಬರ್ನ್‌ನವನು, ಇನ್ನೊಬ್ಬ ಶಿಕಾಗೋದವನು. ನಮ್ಮಲ್ಲಿ ಕೋಳಿ ಕೂಗುವ ಮೊದಲೇ ಮೆಲ್ಬರ್ನ್‌ನವನ ಅಂಗಡಿ ತೆರೆಯುತ್ತದೆ. ನಾವು ರಾತ್ರಿ ಊಟಕ್ಕೆ ಕೂರುವಾಗ ಶಿಕಾಗೋದವನದು. ಇಬ್ಬರಿಗೂ ಐದು ನಿಮಿಷದಲ್ಲಿ ಉತ್ತರ ಕೊಡುತ್ತೇನೆ ಎಂಬುದೇ ನನ್ನ ಹೆಮ್ಮೆಯಾಗಿತ್ತು.

"ಎಂತದ್ರೀ ಇದು, ಅವ್ರಿಗೆಲ್ಲ ಬೆಳಗಾದಾಗೆಲ್ಲ ನಿಮಗೂ ಬೆಳಗಾಗ್ಬೇಕಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ಗಿರಾಕಿ ಬಿಟ್ಟು ಹೋದ್ರೆ ನೀ ತಂದು ಕೊಡ್ತೀಯಾ?"

"ನಾ ಎಲ್ಲಿಂದ ತರ್ಲಿ ಮಾರಾಯ್ರೆ. ಅನ್ನಕ್ಕೆ ಕೈ ಹಾಕಿದ್ರೂ ಫೋನ್ ನೋಡ್ತೀರಿ. ಸಾರಿಗೆ ಉಪ್ಪು ಹಾಕಿಲ್ಲ ಇವತ್ತು, ಗೊತ್ತಾಯ್ತಾ?"

ಗೊತ್ತಾಗಿರಲಿಲ್ಲ.

ಅದೇ ವಾರ ಮೆಲ್ಬರ್ನ್‌ನವನು ಒಂದು ಫೋಟೋ ಕಳಿಸಿದ. ಕಪ್ಪು ಶರ್ಟಿನ ಮೇಲೆ ನನ್ನ ಕೆಂಪು ಬಣ್ಣ ಕೊಳೆತ ಟೊಮೆಟೊದಂತೆ ಮಂಕಾಗಿ ಕೂತಿತ್ತು. ಕೆಂಪಿನ ಅಡಿಯಲ್ಲಿ ಬಿಳಿಯ ಪದರ ಇಡುವುದನ್ನೇ ಮರೆತಿದ್ದೆ. ಕಪ್ಪು ತಗಡಿಗೆ ಮೊದಲು ಬಿಳಿ ಬಳಿಯಬೇಕೆಂದು ಹದಿಮೂರನೇ ವಯಸ್ಸಿಗೆ ಕಲಿತವನು! ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಕೈಯ ಮೇಲೆಯೇ ನನಗೆ ಅನುಮಾನ ಬಂದದ್ದು ಅದೇ ಮೊದಲು.

ಅಂದು ಮಧ್ಯಾಹ್ನವೇ ಇಬ್ಬರಿಗೂ ಬರೆದೆ: ನಮ್ಮ ಊರಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರೂವರೆಯವರೆಗೆ ಕೆಲಸ, ಆಮೇಲೆ ಫೋನ್ ಮುಟ್ಟುವುದಿಲ್ಲ, ಭಾನುವಾರ ರಜೆ. ಮೆಲ್ಬರ್ನ್‌ನವನಿಗೆ ಅವನ ಮಧ್ಯಾಹ್ನದ ಮೇಲೆ ಸಿಗುತ್ತೇನೆ. ಶಿಕಾಗೋದವನು ಅಂಗಡಿ ಮುಚ್ಚುವಾಗ ಚಿತ್ರ ಕಳಿಸಿದರೆ, ಅವನು ನಿದ್ದೆ ಮಾಡಿ ಎದ್ದು ಬರುವಷ್ಟರಲ್ಲಿ ಸಿದ್ಧವಿರುತ್ತದೆ. ಕಳಿಸುವ ಮೊದಲು ಎರಡೆರಡು ಸಲ ಓದಿದೆ. ಮನೆ ನಡೆಯುವುದು ಹೆಚ್ಚಾಗಿ ಶಿಕಾಗೋದವನ ಕೆಲಸದಿಂದಲೇ.

ಮೆಲ್ಬರ್ನ್‌ನವನು ಕೂಡಲೇ ಸರಿ ಎಂದ. ಶಿಕಾಗೋದವನಿಂದ ಎರಡು ದಿನ ಸುದ್ದಿಯೇ ಇಲ್ಲ. ಹೆಂಡತಿಯ ಮುಖ ನೋಡದೆ ಓಡಾಡಿದೆ.

ಮೂರನೆಯ ದಿನ ಬೆಳಿಗ್ಗೆ ಉತ್ತರ ಬಂದಿತ್ತು, ಜೊತೆಗೆ ಹೊಸ ಕೆಲಸವೂ. ಊರಲ್ಲಿರಲಿಲ್ಲವಂತೆ. "ಇದೇ ಅನುಕೂಲ. ನೀನು ಎಲ್ಲ ಹೊತ್ತಿನಲ್ಲೂ ಉತ್ತರಿಸುತ್ತಿದ್ದೆಯಲ್ಲ, ರಾತ್ರಿ ಕೆಲಸ ಮಾಡುವುದೇ ನಿನಗೆ ಇಷ್ಟ ಎಂದುಕೊಂಡಿದ್ದೆ" ಎಂದು ಬರೆದಿದ್ದ.

ಓದಿ ಸಮಾಧಾನವಾಗಬೇಕಿತ್ತು. ಮೈಯೆಲ್ಲ ಉರಿಯಿತು. ಯಾರೂ ಕೇಳಿರಲಿಲ್ಲ. ಎರಡು ವರ್ಷದ ನಿದ್ದೆಯನ್ನು ನಾನಾಗಿಯೇ ಕೊಟ್ಟಿದ್ದೆ.

"ಬೈದ್ರಾ?" ಎಂದಳು ಹೆಂಡತಿ.

"ಇಲ್ವೇ. ಅದೇ ಸಿಟ್ಟು."

ಈಗ ಆರೂವರೆಗೆ ಫೋನು ಕಪಾಟು ಸೇರುತ್ತದೆ. ಆದರೂ ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತದೆ. ಮೆಲ್ಬರ್ನ್‌ನಲ್ಲಿ ಅಂಗಡಿ ತೆರೆಯುವ ಹೊತ್ತು. ಯಾರೂ ಕರೆದಿರುವುದಿಲ್ಲ.