ಒಂಬತ್ತನೇ ಸ್ಲೈಡಿಗೆ ಪ್ರಶ್ನೆ ಬರುವುದಿಲ್ಲ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನಾನು ಸ್ಟೋರು ನೋಡಿಕೊಳ್ಳುವ ಶ್ಯಾಮಣ್ಣ. ಯಾರ ಬಗ್ಗೆಯೂ ಒಂದು ಒಳ್ಳೆಯ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ ಎಂಬುದು ನನ್ನ ಹೆಂಡತಿ ಭದ್ರಮ್ಮನ ದೂರು. ಬರದಿದ್ದರೆ ಬೇಡ. ಆದರೆ ಮಹಾನಂದಾಳ ವಿಷಯ ಹೇಳಲೇಬೇಕು.

ವಿಜಾಪುರದ ಕಡೆಯವಳು. ನಾವು ಮಾಡುವ ಬೈಕಿನ ಗೇರುಗಳು ಗೇಟು ದಾಟುವ ಮುಂಚೆ ಕೊನೆಯ ತಪಾಸಣೆ ಅವಳದು. ಇಲ್ಲಿಗೆ ಬರುವ ಮೊದಲೇ ತಾಯಿ ಹೊಳೆವ್ವ ತೀರಿಕೊಂಡಿದ್ದಳು, ಊರಲ್ಲಿ ಬೇರೆ ಯಾರೂ ಇರಲಿಲ್ಲ. ರಾಜಗೋಪಾಲನಗರದಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲಿ ಇವಳೊಬ್ಬಳೇ.

ಅವಳಿಗೆ ಇನ್ನೊಂದು ಕೆಲಸವಿತ್ತು. ಗ್ರಾಹಕ ಕಂಪನಿಯವರು ಬಂದಾಗ ನಮ್ಮ ಮ್ಯಾನೇಜರ್ ಹರ್ಷವರ್ಧನ್ ಪರದೆಯ ಮೇಲೆ ಸ್ಲೈಡು ತೋರಿಸಿ ಮಾತಾಡುತ್ತಿದ್ದರು. ಪ್ರಶ್ನೆ ಬಂತೋ, ಬೆವರುತ್ತಿದ್ದರು. ಹಾಗಾಗಿ ಎರಡು ದಿನ ಮುಂಚೆಯೇ ಸ್ಲೈಡುಗಳ ಪ್ರಿಂಟು ಮಹಾನಂದಾಳ ಕೈಗೆ ಬರುತ್ತಿತ್ತು. ಊಟದ ಹೊತ್ತಿನಲ್ಲಿ ನನ್ನ ಸ್ಟೋರಿನ ಫ್ಯಾನಿನ ಕೆಳಗೆ ಕೂತು, ರೊಟ್ಟಿ ಮುರಿಯುತ್ತಾ ಓದುತ್ತಿದ್ದಳು.

"ನೋಡ್ರಿ ಶ್ಯಾಮಣ್ಣಾರ, ಮಾರ್ಚ್ ತಿಂಗಳದಾಗ ರಿಜೆಕ್ಷನ್ ಅರ್ಧಕ್ಕ ಇಳದೈತಿ. ಯಾಕಂತ ಬರದಿಲ್ಲ. ಕೇಳೇ ಕೇಳ್ತಾರ."

"ನಿಂಗೆಂಗಮ್ಮ ಗೊತ್ತು?"

"ನಾ ಅವರ ಕುರ್ಚ್ಯಾಗ ಕುಂತು ನೋಡ್ತೀನ್ರಿ."

ಅಂಕಿ ಎಲ್ಲಿ ದಿಢೀರನೆ ಏರಿದೆ, ಇಳಿದಿದೆ. 'ಉತ್ತಮವಾಗಿದೆ' ಎಂದವರು ಯಾವಾಗಿನಿಂದ ಎಂದು ಎಲ್ಲಿ ಬರೆದಿಲ್ಲ. ಎಲ್ಲಿ ಅತಿಯಾಗಿ ಹೊಗಳಿಕೊಂಡಿದ್ದಾರೆ. ಅಲ್ಲೆಲ್ಲ ಪೆನ್ಸಿಲಿನ ಗುರುತು. ಒಂದು ಪ್ರಶ್ನೆಗೆ ಒಂದು ಚೀಟಿ, ಮೇಲ್ಗಡೆ ಸ್ಲೈಡಿನ ಸಂಖ್ಯೆ. ಉತ್ತರ ಮೂರು ಸಾಲು ಮೀರಬಾರದು: ಮೊದಲು ನೇರ ಉತ್ತರ, ಆಮೇಲೆ ಅದಕ್ಕೆ ದಾಖಲೆ, ಸಾಕು. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ, ಸೋಮವಾರ ತಿಳಿಸುತ್ತೇವೆ' ಎಂದೇ ಬರೆಯುತ್ತಿದ್ದಳು. ಮಾರ್ಚಿನ ಚೀಟಿಯಲ್ಲಿ 'ಕಟಿಂಗ್ ಟೂಲ್ ಬದಲಾಯಿಸಿದೆವು. ಫೆಬ್ರವರಿ ೨೬ರ ದಾಖಲೆ ಇದೆ' ಎಂದಿತ್ತು.

೨೦೧೨ರಲ್ಲಿ ದೊಡ್ಡ ಆರ್ಡರೊಂದು ತೂಗುತ್ತಿತ್ತು. ಸಿಗದಿದ್ದರೆ ಎರಡನೇ ಪಾಳಿ ಬಂದ್, ನಲವತ್ತು ಜನ ಮನೆಗೆ. ಹರ್ಷವರ್ಧನ್ ಒಂಬತ್ತನೇ ಸ್ಲೈಡಿಗೆ ಮಹಾನಂದಾಳ ಫೋಟೋವನ್ನೇ ಹಾಕಿದ್ದರು. ಆಯುಧಪೂಜೆಯ ದಿನ, ರಜೆ ಹಾಕದವರಿಗೆ ಕೊಡುವ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಕೆಳಗೆ: 'ಕೊನೆಯ ತಪಾಸಣೆ. ಹನ್ನೊಂದು ವರ್ಷ, ಒಂದು ದಿನವೂ ರಜೆ ಇಲ್ಲ.'

"ಇದಕ್ಕೆ ಚೀಟಿ ಇಲ್ವೇನಮ್ಮ?" ಎಂದೆ.

"ನಂದೇನ್ ಕೇಳ್ತಾರ್ರೀ, ಬಿಡ್ರಿ," ಎಂದು ನಕ್ಕಳು. ಪ್ರಿಂಟಿನ ಅಂಚಿನಲ್ಲಿ 'ಪ್ರಶ್ನೆ ಬರುವುದಿಲ್ಲ' ಎಂದು ಬರೆದಳು. ನನಗೂ ಸರಿಯೆನಿಸಿತು. ಅಯ್ಯೋ, ನಮ್ಮ ಬುದ್ಧಿಗಿಷ್ಟು.

ಗ್ರಾಹಕರ ಕಡೆಯಿಂದ ವೆಂಕಟರಮಣಪ್ಪ ಎಂಬ ಹಿರಿಯರು ಬಂದರು. ಕಾಫಿ, ಬಿಸ್ಕತ್ತು ಹಿಡಿದು ನಾನೂ ಬಾಗಿಲ ಬಳಿ ನಿಂತಿದ್ದೆ. ಅವರು ಮಾರ್ಚ್ ಕೇಳಿದರು, ಚೀಟಿ ಇತ್ತು. ಟೂಲಿನ ಆಯಸ್ಸು ಕೇಳಿದರು, ಅದಕ್ಕೂ ಇತ್ತು. ಹರ್ಷವರ್ಧನ್ ಮದುಮಗನ ಹಾಗೆ ಬೀಗುತ್ತಿದ್ದರು. ಒಂಬತ್ತನೆಯದು ಬಂತು.

"ಒಬ್ಬರೇನಾ? ನಾಳೆ ಈ ಅಮ್ಮ ಬರ್ಲಿಲ್ಲ ಅಂದ್ರೆ ಯಾರ್ರೀ ನೋಡ್ತಾರೆ?"

ಹರ್ಷವರ್ಧನ್ ಚೀಟಿ ತಿರುವಿದರು. ಮತ್ತೆ ತಿರುವಿದರು. "ಬಂದೇ ಬರ್ತಾರೆ ಸಾರ್, ಲೀವೇ ತಗೊಳಲ್ಲ!"

"ಅದೇ ಕಣ್ರೀ ನನ್ ಭಯ," ಎಂದು ಹಿರಿಯರು ಪುಸ್ತಕದಲ್ಲಿ ಬರೆದುಕೊಂಡರು. ನಾವು ಡಬ್ಬಿ ಕೊಟ್ಟು ಚಪ್ಪಾಳೆ ತಟ್ಟಿದ್ದು ಅವರ ಲೆಕ್ಕದಲ್ಲಿ ಲೋಪ!

ಹಿಂದಿನ ಕುರ್ಚಿಯಿಂದ ಮಹಾನಂದಾ ಎದ್ದಳು. "ಗೊತ್ತಿಲ್ರಿ ಸರ. ಇನ್ನೊಬ್ಬರಿಗೆ ಕಲಿಸಿ, ಒಂದ್ ತಿಂಗಳದಾಗ ತಿಳಸ್ತೀವ್ರಿ." ಚೀಟಿಯಿಲ್ಲದ ಉತ್ತರ, ಮೂರು ಸಾಲೂ ಆಗಲಿಲ್ಲ. ಹಿರಿಯರು ತಲೆಯಾಡಿಸಿದರು.

ಶಾಂಭವಿ ಎಂಬ ಹುಡುಗಿಗೆ ಒಂದು ತಿಂಗಳು ಕಲಿಸಿದಳು. ಸಾಬೀತು ಮಾಡಲು ಗ್ರಾಹಕರು ಒಂದು ಷರತ್ತು ಹಾಕಿದರು: ಮಹಾನಂದಾ ಒಂದು ವಾರ ರಜೆ ಹಾಕಬೇಕು, ಅವಳಿಲ್ಲದೆ ಮಾಲು ಸರಿಯಾಗಿ ಬಂದರೆ ಆರ್ಡರ್.

ಎಲ್ಲರಿಗೂ ಖುಷಿ. "ಊರಿಗೆ ಹೋಗ್ಬನ್ನಿ ಅಕ್ಕ, ಆರಾಮಾಗಿ," ಎಂದಳು ಶಾಂಭವಿ.

ಮಹಾನಂದಾ ರಜೆ ಅರ್ಜಿ ಹಿಡಿದು ಸ್ಟೋರಿಗೆ ಬಂದಳು. ಹೆಸರು, ತಾರೀಖು ತುಂಬಿಸಿದ್ದಳು. 'ರಜೆಯಲ್ಲಿ ಇರುವ ವಿಳಾಸ' ಎಂಬಲ್ಲಿ ಪೆನ್ಸಿಲು ಹತ್ತು ನಿಮಿಷ ನಿಂತಿತ್ತು.

"ಇದೊಂದು ಪ್ರಶ್ನೆ ಬರತೈತಿ ಅಂತ ಗೊತ್ತಿತ್ರಿ ಶ್ಯಾಮಣ್ಣಾರ," ಎಂದಳು. "ಅದಕ್ಕs ಹನ್ನೊಂದು ವರ್ಷ ರಜಾ ಕೇಳಿದ್ದಿಲ್ಲ."

ಹನ್ನೊಂದು ವರ್ಷ ನನ್ನ ಫ್ಯಾನಿನ ಕೆಳಗೆ ಕೂತು ಉಂಡವಳು. ಹಬ್ಬಕ್ಕೆ ಎಲ್ಲಿಗಮ್ಮ ಎಂದು ಒಂದು ಸಲವೂ ಕೇಳಿರಲಿಲ್ಲ ನಾನು, ಪಾಪಿ. ಪೆನ್ಸಿಲು ಕಿತ್ತುಕೊಂಡು ಚಿಕ್ಕಬಾಣಾವರದ ನಮ್ಮ ಮನೆಯ ವಿಳಾಸ ಬರೆದು, "ನಮ್ಮನೆಗೆ ಬರ್ತೀಯೇನಮ್ಮ?" ಎಂದೆ.

ಅವಳು ಓದಿದಳು. ರಬ್ಬರು ತೆಗೆದು ಮೆಲ್ಲಗೆ ಅಳಿಸಿದಳು. "ಈಗ ಕೇಳಿದ್ರಲ್ಲ, ಸಾಕ್ರಿ," ಎಂದು ರಾಜಗೋಪಾಲನಗರದ ಕೋಣೆಯ ನಂಬರನ್ನೇ ಬರೆದುಕೊಂಡು ಹೋದಳು.