ಪುಟದ ನೆತ್ತಿಯ ಹೆಸರು

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಅರುಣಕುಮಾರನ ಡಿಟಿಪಿ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ತಸ್ಲೀಮಳ ಕೈ ಕೀಲಿಮಣೆಯ ಮೇಲೆ ಓಡುವ ಚೆಂದ ನೋಡಿ ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಮನೆಯಲ್ಲಿ ಮಾತ್ರ ಆ ಕೈಗೆ ಕಿಮ್ಮತ್ತಿರಲಿಲ್ಲ. ಅತ್ತೆ ಸೈದಾ ಬೀ ಬಂದುಹೋದವರ ಮುಂದೆಲ್ಲ, "ಇಸ್ರಾರನ ಹೆಂಡ್ತಿ ಗುಂಡಿ ಒತ್ತಾಕ ಹೋಗ್ತಾಳವ್ವಾ. ತೊಟ್ಟಿಲು ತೂಗೋ ನಸೀಬಂತೂ ಇಲ್ಲ, ಗುಂಡಿನಾರ ಒತ್ತಲಿ" ಎಂದು ನಗುತ್ತಿದ್ದಳು. ಆ ನಗೆ ಕೇಳಿ ಕೇಳಿ ತಸ್ಲೀಮಳ ಎದೆ ಕಲ್ಲಾಗಿತ್ತು. ಆಗದೆ ಏನಾದೀತು?

ಒಂದು ದಿನ ನಿವೃತ್ತ ಮೇಷ್ಟ್ರು ಗುರುಬಸವರಾಜ ದೊಡ್ಡದೊಂದು ಸ್ಕ್ಯಾನ್ ಫೈಲು ತಂದರು. ಬಹಳ ಹಿಂದೆ ಯಾರೋ ಊರೂರು ತಿರುಗಿ, ಟೇಪಿನಲ್ಲಿ ಹಿಡಿದು, ಬೆರಳಚ್ಚು ಮಾಡಿಸಿದ್ದ ಬೀಸುವ ಹಾಡುಗಳು. ಮೂಲ ಪ್ರತಿ ಹುಳ ತಿಂದು ಪುಡಿಯಾಗಿತ್ತು. ಪ್ರತಿ ಪುಟದ ನೆತ್ತಿಯಲ್ಲಿ ಹಾಡಿದವಳ ಹೆಸರು, ಊರು. ಬುಡದಲ್ಲಿ ಪುಟಸಂಖ್ಯೆ. ಅಂಚಿನಲ್ಲಿ ಯಾವುದೋ ಗ್ರಂಥಾಲಯದ ನೇರಳೆ ಮುದ್ರೆ.

"ಇವೆಲ್ಲ ತಗದು, ಹಾಡಷ್ಟೇ ಸರಾಗ ಓದೋ ಹಂಗ ಮಾಡಿಕೊಡಮ್ಮಾ. ನನಗ ಕಣ್ಣು ಮಂಜು, ನೀನ ನೋಡಿಕೊಂಡು ಕೂಡಿಸು" ಎಂದರು.

ಕೇಳಿದಷ್ಟು ಸಸಾರದ ಕೆಲಸವಲ್ಲ ಅದು. ಚಿತ್ರವನ್ನು ಕಂಪ್ಯೂಟರು ಅಕ್ಷರ ಮಾಡಿಕೊಟ್ಟಾಗ ನೆತ್ತಿಯ ಹೆಸರು, ಬುಡದ ಸಂಖ್ಯೆ ಎಲ್ಲ ಹಾಡಿನ ಹೊಟ್ಟೆಯೊಳಗೆ ನುಗ್ಗಿರುತ್ತವೆ. ಬರೀ ಅಂಕಿಯಿರುವ ಸಾಲನ್ನೆಲ್ಲ ಒಮ್ಮೆಲೇ ಅಳಿಸಿದರೆ ಹಾಡಿನ ನುಡಿಗಳಿಗೆ ಹಾಕಿದ ಸಂಖ್ಯೆಯೂ ಹಾರಿಹೋಗುತ್ತದೆ. ಮುದ್ರೆ ಬಿದ್ದಲ್ಲಿ ಸಾಲಿನ ಮೊದಲ ಅಕ್ಷರ ಕಲಸಿರುತ್ತದೆ, ಚಿತ್ರ ನೋಡಿ ಮತ್ತೆ ಹೊಡೆಯಬೇಕು. ಪುಟ ಮುಗಿದಲ್ಲಿ ತುಂಡಾದ ಹಾಡನ್ನು ಜೋಡಿಸಬೇಕು. ಎಲ್ಲಕ್ಕಿಂತ ನಾಜೂಕಿನದು ನೆತ್ತಿಯ ಹೆಸರು. ಹಾಡಿನೊಳಗೆ ಎಲ್ಲಿಯೂ ಹಾಡಿದವಳ ಹೆಸರಿಲ್ಲ. ಹಾಗಾಗಿ ಹೆಸರು ಬದಲಾದ ಕಡೆ ಅದನ್ನು ಒಮ್ಮೆ ತಲೆಬರಹವಾಗಿ ಉಳಿಸಿಕೊಂಡು, ಮುಂದಿನ ಪುಟಗಳಲ್ಲಿ ಅಳಿಸಬೇಕು. ತಸ್ಲೀಮ್ ಹಾಗೇ ಮಾಡುತ್ತ ಬಂದಳು. 'ನಾಗಲಿಂಗಮ್ಮ, ನೀಲಗುಂದ' ಎಂಬ ಹೆಸರನ್ನೂ ಹಾಗೇ ಉಳಿಸಿದಳು.

ನಾಗಲಿಂಗಮ್ಮನ ಹಾಡು ಮುಗಿದ ಪುಟ ದಾಟಿದರೆ ನೆತ್ತಿಯಲ್ಲಿ, 'ಸೈದಾ ಬೀ, ತೆಲಿಗಿ.'

ತೆಲಿಗಿ ಅತ್ತೆಯ ತವರು. ಟೇಪು ಹಿಡಿದವರ ಮುಂದೆ ಹಾಡಿದ್ದನ್ನು ಮುದುಕಿ ಹಬ್ಬಕ್ಕೊಮ್ಮೆ ಹೇಳಿಕೊಳ್ಳುತ್ತಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇಲ್ಲಿ ನೋಡಿದರೆ ಪುಸ್ತಕದ ಕಾಲುಭಾಗ ಅವಳದೇ. ತಸ್ಲೀಮಳಿಗೆ ತೊಟ್ಟಿಲ ಮಾತು ನೆನಪಾಯಿತು. ಆಮೇಲೆ ಆ ಹೆಸರನ್ನು ಬದಲಾದ ಕಡೆಯೂ ಉಳಿಸದೆ, ಇದ್ದಲ್ಲೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟಳು. ಸೈದಾ ಬೀಯ ಹಾಡುಗಳೆಲ್ಲ ನಾಗಲಿಂಗಮ್ಮನ ಹೆಸರಿನ ಕೆಳಗೆ ತಣ್ಣಗೆ ಸೇರಿಕೊಂಡವು. ತಪ್ಪಿ ಆದದ್ದಲ್ಲ. ಅವತ್ತು ಅವಳಿಗೆ ಊಟ ರುಚಿಸಿತು ಎಂದೂ ಹೇಳಿಬಿಡುತ್ತೇನೆ.

ಪುಸ್ತಕ ಅಚ್ಚಾಯಿತು. ಬಿಡುಗಡೆಯ ಸುದ್ದಿ ಕೇಳಿದ ಇಸ್ರಾರ, ತಾಯಿಗೆ ಹಾಡೆಂದರೆ ಪ್ರಾಣವೆಂದು ಅವಳನ್ನೂ ಕರೆತಂದ. ಮೇಷ್ಟ್ರು ವೇದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾದ ಪುಟ ತೆರೆದು, ಕಣ್ಣಿಗೆ ಹತ್ತಿರ ಹಿಡಿದು, "ಇದು ನೀಲಗುಂದದ ನಾಗಲಿಂಗಮ್ಮ ತಾಯಿ ಹಾಡಿದ್ದು" ಎಂದು ಓದತೊಡಗಿದರು.

"ಬೀಸೂಕಲ್ಲೇ ನಿನಗ ಬಾಯೈತಿ, ನಾಲಿಗಿಲ್ಲ, ನನ ಮಾತು ಯಾರಿಗೂ ಹೇಳಬ್ಯಾಡ..."

ಎರಡನೆಯ ಸಾಲನ್ನು ಮುದುಕಿ ಮೇಷ್ಟ್ರಿಗಿಂತ ಮೊದಲೇ ಹಾಡಿದಳು. ಎದ್ದು ನಿಂತು, "ಅದು ನಂದ್ರೀ ಸಾಹೇಬ್ರ. ನಾನ ಕಟ್ಟಿದ್ದು. ನನ್ನ ಗಂಡ ಹೊಡದ ದಿನ ಕಟ್ಟೀನಿ" ಎಂದಳು.

ಸಭೆ ನಕ್ಕಿತು. ಹಿಂದಿನ ಸಾಲಿನವನೊಬ್ಬ, "ಈಗ ಎಲ್ಲರೂ ನಂದು ನಂದು ಅಂತಾರ ಬಿಡು" ಎಂದ. ಮೇಷ್ಟ್ರು ಒಳ್ಳೆಯವರು, ನಗಲಿಲ್ಲ. ಬದಿಯಲ್ಲಿ ನಿಂತಿದ್ದ ತಸ್ಲೀಮಳತ್ತ ತಿರುಗಿ, "ಹಳೇದ್ರಾಗ ಯಾರ ಹೆಸರಿತ್ತಮ್ಮಾ? ನೋಡಿದಾಕಿ ನೀನ" ಎಂದು ಕೇಳಿದರು. ಈ ಮುದುಕಿ ಅವಳ ಅತ್ತೆಯೆಂಬುದು ಅವರಿಗೆ ಗೊತ್ತಿರಲಿಲ್ಲ.

ಸೈದಾ ಬೀಯ ಮುಖ ಅರಳಿತು. "ಕೇಳ್ರಿ, ಕೇಳ್ರಿ, ನಮ್ಮ ಸೊಸಿ ಆಕಿ. ಭಾಳ ಶಾಣ್ಯಾಕಿ. ಆಕಿ ಕೈಯಾಗ ತಪ್ಪು ಬರಂಗಿಲ್ಲ" ಎಂದಳು. ಅಷ್ಟು ವರ್ಷದಲ್ಲಿ ಸೊಸೆಯ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ತಸ್ಲೀಮ್ ಲೆಕ್ಕ ಹಾಕಿದಳು. ಈಗ ನಿಜ ಹೇಳಿದರೆ ಅಂಗಡಿಯ ಕೆಲಸವೂ ಹೋಗುತ್ತದೆ, ಗಂಡನೂ ಸುಮ್ಮನಿರುವುದಿಲ್ಲ.

"ನಾಗಲಿಂಗಮ್ಮನ ಹೆಸರ ಇತ್ತು ಸರ್" ಎಂದಳು.

ಮುದುಕಿ ಸೊಸೆಯ ಮುಖ ನೋಡಿದಳು, ಪುಸ್ತಕ ನೋಡಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಂಗಾದ್ರ ಆಕೀದ ಇರಬೇಕ್ರಿ. ನನಗ ಅರಳು ಮರಳು" ಎಂದು ಕೂತಳು. ಮಗನ ಕಡೆ ಬಾಗಿ, "ನಿಮ್ಮಪ್ಪ ನನ್ನ ಹೊಡದಿದ್ದು ಖರೇನೋ, ಅದೂ ಸುಳ್ಳೋ?" ಎಂದು ಮೆಲ್ಲಗೆ ಕೇಳಿದಳು.