ಎರಡು ಕೇರಿಗೆ ಮುಖ ಮಾಡಿದ ಮನೆ

ಅವರ್ಸಾದ ಸುಕ್ರಿ ನಾಟಿಗೆ ಇಳಿದರೆ ಪಕ್ಕದವಳು ಹಿಂದೆ ಬೀಳಬೇಕು, ಅಂಥ ಕೈ. ಹಟವೂ ಅಷ್ಟೇ. ಗಂಡ ಬೀರಾ ಬದುಕಿದ್ದಾಗ ಅವನಿಗೂ ತಮ್ಮ ಜಟ್ಟಿಗೂ ಜಗಳವಾಗಿ ಒಲೆ ಬೇರೆಯಾಯಿತು. ಒಂದೇ ಮಾಡಿನ ಕೆಳಗೆ ಗೋಡೆ ಎದ್ದಿತು. ಬೆಳಗೆದ್ದು ತಮ್ಮನ ಮುಖ ನೋಡಲಾರೆನೆಂದು ಬೀರಾ ಹಿಂಬದಿಯ ಗೋಡೆ ಒಡೆದು ಬೇರೆ ಬಾಗಿಲು ಇಟ್ಟ. ಜಟ್ಟಿಯ ಬಾಗಿಲು ಮೇಲಿನಕೇರಿಗೆ, ಇವರದು ಗದ್ದೆಕೇರಿಗೆ.

ಪಂಚಾಯ್ತಿಯ ಮನೆ ನಂಬರು ಜಟ್ಟಿಯ ಬಾಗಿಲ ಮೇಲೇ ಉಳಿಯಿತು. ಯಾರೇ ವಿಳಾಸ ಕೇಳಿದರೂ ಸುಕ್ರಿ, "ಗದ್ದೆಕೇರಿ. ನಂಬರ್ ಗಿಂಬರ್ ಇಲ್ಲ" ಎನ್ನುವಳು. ಮೈದುನನ ಬಾಗಿಲ ನಂಬರು ಅವಳ ಬಾಯಲ್ಲಿ ಬರುವುದುಂಟೇ? ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದರು. ರೇಷನ್ ಕಾರ್ಡಿನಲ್ಲಿ 'ಗದ್ದೆಕೇರಿ, ಅವರ್ಸೆ', ಆಧಾರಿನಲ್ಲಿ 'ಗದ್ದೇಕೇರ, ಅವರ್ಸಾ', ಬೀರಾನ ಹಳೆಯ ಮತದಾರರ ಚೀಟಿಯಲ್ಲಿ 'ಮೇಲಿನಕೇರಿ'.

ಬೀರಾ ಹೋದ ಮೇಲೆ ಜಟ್ಟಿ ತನ್ನ ಮೀಟರಿನಿಂದ ಅವಳ ಕಡೆಗೆ ಹೋಗಿದ್ದ ವಯರನ್ನು ಕಿತ್ತ. ಸುಕ್ರಿ ಬೇರೆ ಮೀಟರಿಗೆ ಅರ್ಜಿ ಕೊಟ್ಟಳು. ಈ ಮನೆಯಲ್ಲೇ ಇದ್ದಾಳೆಂದು ಪಂಚಾಯ್ತಿ ಬರೆದುಕೊಡಬೇಕಿತ್ತು. ಜಟ್ಟಿ ತಕರಾರು ಹಾಕಿದ.

ಪಿಡಿಒ ಪೂಜಾ ಸ್ಥಳ ನೋಡಲು ಬಂದಳು.

"ಮೇಡಂ, ಅವಳ ಕಾಗದ ಮೂರು, ಮನೆ ಮೂರು. ಇಲ್ಲಿ ಅವಳದ್ದು ಎಂತ ಇಲ್ಲ" ಎಂದ ಜಟ್ಟಿ.

"ಹೌದೋ? ಹಾಂಗಾದ್ರೆ ನಿನ್ನ ಅಣ್ಣನ ಹೆಣ ಯಾರ ಮನೆಯಿಂದ ಎತ್ತಿದ್ಯೋ?"

"ಬಾಯಿ ಮುಚ್ಚೇ ಅತ್ತಿಗೆ!"

ಪೂಜಾ ಮನೆಯನ್ನು ಸುತ್ತಿದಳು. ತೆರಿಗೆ ವಹಿಯ ಚೆಕ್‌ಬಂದಿಯನ್ನು ಓದಿದಳು: ಪೂರ್ವಕ್ಕೆ ಮೇಲಿನಕೇರಿ ದಾರಿ, ಪಶ್ಚಿಮಕ್ಕೆ ಗದ್ದೆಕೇರಿ ದಾರಿ, ನಡುವೆ ಒಂದೇ ಮನೆ.

"ನಂಬರು ಬಾಗಿಲಿಗಲ್ಲ ಜಟ್ಟಿಯವರೇ, ಮನೆಗೆ. ಇವರು ಇದೇ ಮನೆಯವರು. ಅಮ್ಮಾ, ವಹಿಯಲ್ಲಿ ಮನೆ ನಂಬರು ಎಂಬತ್ತೇಳು, ಮೇಲಿನಕೇರಿ, ಅವರ್ಸಾ ಅಂತಿದೆ. ನಾನು ಹಾಗೇ ಬರೆದುಕೊಡ್ತೇನೆ. ಅದನ್ನೇ ತೋರಿಸಿ ಆಧಾರು, ರೇಷನ್ ಕಾರ್ಡು ಎರಡನ್ನೂ ತಿದ್ದಿಸಿ. ಇನ್ನು ಎಲ್ಲಿ ಕೇಳಿದರೂ ಅದೇ ಹೇಳಬೇಕು."

ಸುಕ್ರಿಯ ಮುಖ ಕಪ್ಪಿಟ್ಟಿತು. "ಗದ್ದೆಕೇರಿ ಅಂತ್ಲೇ ಬರೀರಿ."

"ಅದು ಬರೆದರೆ ವಹಿಗೆ ತಾಳೆಯಾಗದೆ ಮತ್ತೆ ಮೀಟರಿನ ಅರ್ಜಿ ನಿಲ್ತದೆ. ಗುರುತಿಗೆ ಬೇಕಾದರೆ 'ಗದ್ದೆಕೇರಿ ಬದಿಯ ಬಾಗಿಲು' ಅಂತ ಕೊನೆಗೆ ಸೇರಿಸುತ್ತೇನೆ. ಮನೆ ಯಾವುದು ಹೇಳಿ?"

ಜಟ್ಟಿ ನಕ್ಕ. "ಹೇಳೇ ಅತ್ತಿಗೆ. ನನ್ನ ನಂಬರು ಹೇಳು."

ಒಳಗೆ ಚಿಮಣಿ ದೀಪದ ಮಸಿ ಹಿಡಿದ ಗೋಡೆ ಸುಕ್ರಿಗೆ ಕಾಣುತ್ತಿತ್ತು. ಅವಳು ಎಲೆಯಡಿಕೆ ಉಗುಳಿ ಬಂದಳು.

"ಎಂಬತ್ತೇಳು. ಮೇಲಿನಕೇರಿ, ಅವರ್ಸಾ. ಮಾವ ಸುಬ್ಬ ಕಟ್ಟಿದ ಮನೆ. ಇವನ ನಂಬರಲ್ಲ."

ವಾರ ಕಳೆದು ಕರೆಂಟಿನವರು ಬಂದು ಗದ್ದೆ ಬದಿಯ ಗೋಡೆಗೆ ಮೀಟರು ಹೊಡೆದರು. ಗೋಡೆ ಅದುರಿತೆಂದು ಜಟ್ಟಿ ಒಳಗಿಂದಲೇ ಬೈದ. ಸುಕ್ರಿ ಬಲ್ಬು ಹಾಕಿ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು: "ಇನ್ನೂ ಎರಡು ಮೊಳೆ ಹೊಡೀರಿ, ಗಟ್ಟಿಯಾಗ್ಲಿ!"